ಹತ್ತಡಿ ಭುವನೇಶ್ವರಿ

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ನಮ್ಮ ಡಿಟಿಪಿ ಅಂಗಡಿಯ ಮೇಜಿನ ಮೇಲೆ ಭುವನೇಶ್ವರಿಯರ ದಂಡು ಇಳಿಯುತ್ತದೆ. ಮೊದಲೆಲ್ಲ ಹಳೆಯ ಕ್ಯಾಲೆಂಡರಿನಿಂದ ಬಿಡಿಸಿದ ಹಾಳೆಯನ್ನು ಸುರುಳಿ ಸುತ್ತಿ ತರುತ್ತಿದ್ದರು, ನಾನು ಮೊಳೆಯ ತೂತು ಅಳಿಸಿ ಸ್ಕ್ಯಾನ್ ಮಾಡುತ್ತಿದ್ದೆ. ಈಗ ಎಐ ಬಿಡಿಸಿಕೊಟ್ಟ ತಾಯಿಯೇ ಮೊಬೈಲಿನಲ್ಲಿ ಬರುತ್ತಾಳೆ. ಮೊಳೆಯ ತೂತಿನ ಕಾಟ ತಪ್ಪಿತು ಎಂದು ನಾನೂ ಸಂತೋಷಪಟ್ಟಿದ್ದೆ.

ನಮ್ಮ ಬಡಾವಣೆಯ ಕನ್ನಡ ಸಂಘದ ಕಾರ್ಯದರ್ಶಿಗಳು ಒಳ್ಳೆಯ ಮನುಷ್ಯರು, ಆದರೆ ಉತ್ಸಾಹ ಸ್ವಲ್ಪ ಹೆಚ್ಚು. ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಫೋನನ್ನು ನನ್ನತ್ತ ಚಾಚಿದರು. “ಅಕ್ಕಾ, ತಾಯಿ ಹೇಗಿದ್ದಾಳೆ ನೋಡಿ.” ನಿಜಕ್ಕೂ ಚೆನ್ನಾಗಿದ್ದಳು. ಹಸಿರು ಸೀರೆ, ಹಿಂದೆ ಸಹ್ಯಾದ್ರಿ, ತಲೆಯ ಮೇಲೊಂದು ಕಮಾನು, ದೂರದಲ್ಲಿ ಜನಸಾಗರ. ಕಾರ್ಯದರ್ಶಿಗಳು ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಮೂಗುತಿಯನ್ನೂ ತೋರಿಸಿದರು. “ಇದನ್ನೇ ವೇದಿಕೆಗೆ ಹತ್ತು ಅಡಿಗೆ ಆರು ಅಡಿ ಬ್ಯಾನರ್ ಮಾಡಿಬಿಡಿ. ಆಹ್ವಾನ ಪತ್ರಿಕೆಗೂ ಇದೇ ಇರಲಿ, ಸ್ಟೇಟಸ್‌ಗೂ ಇದೇ.”

ಕಡತವನ್ನು ಕಂಪ್ಯೂಟರಿಗೆ ಇಳಿಸಿ ಅಳತೆ ನೋಡಿದೆ. ಅಗಲ 1024 ಪಿಕ್ಸೆಲ್, ಎತ್ತರ 1024 ಪಿಕ್ಸೆಲ್. ಅಚ್ಚುಕಟ್ಟಾದ ಚೌಕ.

“ಸಾರ್, ಇದು ಚಿಕ್ಕದು” ಎಂದೆ.

“ಚಿಕ್ಕದು ಹೇಗಾಗುತ್ತದೆ? ಎಐಗೆ ಕೊಟ್ಟ ವಿವರಣೆಯ ಕೊನೆಯಲ್ಲಿ 8K ಎಂದು ಬರೆದಿದ್ದೆ. ಅಲ್ಟ್ರಾ ಎಚ್‌ಡಿ ಎಂದೂ ಸೇರಿಸಿದ್ದೆ.”

ಸುಮಾರು ಎಂಟು ಸಾವಿರ ಪಿಕ್ಸೆಲ್ ಅಗಲ ಎಂಬರ್ಥದ ಈ 8K ಮಂತ್ರವನ್ನು ಪ್ರತಿ ವರ್ಷವೂ ಕೇಳುತ್ತೇನೆ. ಅದನ್ನು ಬರೆದ ಮಾತ್ರಕ್ಕೆ ಪಿಕ್ಸೆಲ್ ಒಂದೂ ಹೆಚ್ಚುವುದಿಲ್ಲ. ಎಐ ತಾನು ಕಲಿಯುವಾಗ 8K ಎಂಬ ಹಣೆಪಟ್ಟಿ ಹೊತ್ತ ಚಿತ್ರಗಳು ಹೇಗಿದ್ದವೋ ಹಾಗೆ, ಹೊಳಪು ಕೊಟ್ಟು, ಒಡವೆಗಳಿಗೆ ಮಿಂಚು ಹಚ್ಚಿ, ಅದೇ 1024ರ ಚೌಕವನ್ನು ಕೈಗಿಡುತ್ತದೆ. ಅಳತೆ ತೀರ್ಮಾನವಾಗುವುದು ನಾವು ಬರೆಯುವ ವಾಕ್ಯದಲ್ಲಲ್ಲ, ಆ ಸೇವೆಯವರು ಇಟ್ಟಿರುವ ಆಯ್ಕೆಗಳಲ್ಲಿ. ಚೌಕ, ಅಡ್ಡ, ಉದ್ದ ಎಂದು ಎರಡು ಮೂರು ಅಚ್ಚುಗಳಿರುತ್ತವೆ, ಅಷ್ಟೇ. ಇತ್ತೀಚಿನ ಕೆಲವು ನಾಲ್ಕು ಸಾವಿರ ಪಿಕ್ಸೆಲ್‌ವರೆಗೂ ಕೊಡುತ್ತವೆ, ಆದರೆ ನನ್ನ ಅಂಗಡಿಗೆ ಬರುವವರು ಬಿಟ್ಟಿ ಸಿಗುವುದನ್ನೇ ನಂಬಿದವರು.

ಫೋನಿನಲ್ಲಿ ಮೂಗುತಿ ಹೊಳೆದದ್ದಕ್ಕೆ ಕಾರಣ ಸರಳ. ಫೋನಿನ ಪರದೆ ಸುಮಾರು ಎರಡೂ ಮುಕ್ಕಾಲು ಅಂಗುಲ ಅಗಲ. 1024 ಪಿಕ್ಸೆಲ್‌ಗಳು ಅಷ್ಟರಲ್ಲೇ ಒತ್ತೊತ್ತಾಗಿ ಕೂತರೆ ಅಂಗುಲಕ್ಕೆ 370ರಷ್ಟಾಗುತ್ತವೆ, ಕಣ್ಣಿಗೆ ಬಿಡಿಯಾಗಿ ಕಾಣುವುದಿಲ್ಲ. ಅವನ್ನೇ ಹತ್ತು ಅಡಿಗೆ, ಅಂದರೆ 120 ಅಂಗುಲಕ್ಕೆ ಹಂಚಿದರೆ ಅಂಗುಲಕ್ಕೆ ಎಂಟೂವರೆ. ಒಂದೊಂದು ಪಿಕ್ಸೆಲ್ ಮೂರು ಮಿಲಿಮೀಟರ್. ಒಂದು ಉಂಡೆ ಹಿಟ್ಟಿನಲ್ಲಿ ಊರಿಗೆಲ್ಲ ಚಪಾತಿ ಲಟ್ಟಿಸಲು ಹೊರಟ ಹಾಗೆ.

ಲೆಕ್ಕ ಹೇಳಿದರೆ ಯಾರೂ ನಂಬುವುದಿಲ್ಲ ಎಂಬುದು ಅನುಭವ. ಅದಕ್ಕೆ ಒಂದು ಉಪಾಯ ಇಟ್ಟುಕೊಂಡಿದ್ದೇನೆ. ಚಿತ್ರವನ್ನು ಬ್ಯಾನರಿನ ನಿಜ ಅಳತೆಗೆ ಹಿಗ್ಗಿಸಿ, ಮುಖದ ಒಂದು ತುಂಡನ್ನು ಮಾತ್ರ ಎ4 ಹಾಳೆಯಲ್ಲಿ ಮುದ್ರಿಸಿ ಗೋಡೆಗೆ ಅಂಟಿಸುತ್ತೇನೆ. ಆ ಹಾಳೆಯ ಅಗಲಕ್ಕೆ ಬಂದವು ಬರೀ ಎಪ್ಪತ್ತು ಪಿಕ್ಸೆಲ್. ಒಂದು ಕಣ್ಣು, ಅರ್ಧ ಮೂಗು. ಫೋನಿನಲ್ಲಿ ಮೆರೆದ ಮೂಗುತಿ ಇಲ್ಲಿ ನಾಲ್ಕೈದು ಬೂದು ಕಲೆಗಳಾಗಿ ಹರಡಿಕೊಂಡಿತ್ತು. ಕಾರ್ಯದರ್ಶಿಗಳು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಹಿಂದಕ್ಕೆ ನಡೆಯಿರಿ ಸಾರ್” ಎಂದೆ. ಮೆಟ್ಟಿಲಿಳಿದರು, ಫುಟ್‌ಪಾತ್ ದಾಟಿದರು, ಆಟೊಗೆ ದಾರಿ ಬಿಟ್ಟು ರಸ್ತೆಯ ಆಚೆ ಬದಿ ಮುಟ್ಟಿದರು. ಅಲ್ಲಿಂದ ಕೂಗಿದರು: “ಈಗ ಚೆನ್ನಾಗಿದೆ!” ಮೂರು ಮಿಲಿಮೀಟರಿನ ಚುಕ್ಕೆ ಒಳ್ಳೆಯ ಕಣ್ಣಿಗೂ ಮರೆಯಾಗುವುದು ಮೂವತ್ತು ಅಡಿ ದಾಟಿದ ಮೇಲೆಯೇ. ದೊಡ್ಡ ರಸ್ತೆಯ ಮೇಲೆ ಎತ್ತರದಲ್ಲಿ ಕಟ್ಟುವ ಬ್ಯಾನರಾದರೆ ಇದು ನಡೆದೀತು. ವೇದಿಕೆಯ ಹಿಂದಿನದ್ದಕ್ಕೆ ಹೇಗೆ? “ಮುಂದಿನ ಸಾಲಿನಲ್ಲಿ ಶಾಸಕರು ಇರುತ್ತಾರಲ್ಲ ಅಕ್ಕಾ, ಅವರನ್ನು ಮೂವತ್ತು ಅಡಿ ಹಿಂದೆ ಕೂರಿಸಿದರೆ ನಮ್ಮ ಅನುದಾನವೂ ಅಷ್ಟೇ ಹಿಂದೆ ಹೋಗುತ್ತದೆ” ಎಂದರು.

ಚೌಕದ್ದು ಇನ್ನೊಂದು ಸಂಕಟ. ಹತ್ತಕ್ಕೆ ಆರರ ಬ್ಯಾನರ್ ತುಂಬಬೇಕೆಂದರೆ ಚೌಕದ ಎತ್ತರದಲ್ಲಿ ಶೇಕಡ 40 ಭಾಗವನ್ನು ಕತ್ತರಿಸಬೇಕು. ಕಿರೀಟ ಹೋಗಲೇ, ಪಾದ ಹೋಗಲೇ ಎಂದು ಕೇಳಿದೆ. ಎರಡಕ್ಕೂ ಒಪ್ಪಲಿಲ್ಲ. “ಅಕ್ಕಪಕ್ಕಕ್ಕೆ ಸ್ವಲ್ಪ ಎಳೆದುಬಿಡಿ” ಎಂದರು. ಎಳೆದು ತೋರಿಸಿದೆ. ಮೂರಕ್ಕೆ ಐದು ಪಾಲು ಅಗಲವಾದ ತಾಯಿಯನ್ನು ಕಂಡು ಅವರೇ ಕೈ ಮುಗಿದು ಕ್ಷಮೆ ಕೇಳಿದರು.

ಆ ರಾತ್ರಿ ಅವರ ಮಗ ಕಾರ್ಯಾಚರಣೆಗೆ ಇಳಿದನಂತೆ. ಅವನ ಕಂಪ್ಯೂಟರಿನಲ್ಲಿ ಅಳತೆಯನ್ನು ನಾವೇ ತುಂಬಬಹುದಾದ ತಂತ್ರಾಂಶವಿತ್ತು. ಅಗಲ 3000, ಎತ್ತರ 1800 ಎಂದು ತುಂಬಿದ. ಬೆಳಿಗ್ಗೆ ನನ್ನ ಮೇಜಿನ ಮೇಲೆ ಬಂದದ್ದು ಮೂವರು ಭುವನೇಶ್ವರಿಯರು. ನಡುವಿನವಳ ಭುಜವನ್ನೇ ಎಡಬಲದವರಿಬ್ಬರೂ ಹಂಚಿಕೊಂಡಿದ್ದರು, ಒಬ್ಬಳ ಸೊಂಟದ ಕೆಳಗೆ ಇನ್ನೊಂದು ಸೊಂಟ. ಇದು ಹುಡುಗನ ತಪ್ಪಲ್ಲ. ಚಿತ್ರ ಬಿಡಿಸುವ ಈ ಜಾತಿಯ ಎಐ ಮಾದರಿಗಳು ಯಾವ ಅಳತೆಯ ಚಿತ್ರಗಳಲ್ಲಿ ಕಲಿತಿವೆಯೋ ಆ ಅಳತೆಯಲ್ಲೇ ಅವಕ್ಕೆ ನೆಮ್ಮದಿ. 2022ರ ಸ್ಟೇಬಲ್ ಡಿಫ್ಯೂಷನ್ 512ರ ಚೌಕಕ್ಕೆ ಒಗ್ಗಿಕೊಂಡಿತ್ತು, ಮರುವರ್ಷದ ಎಸ್‌ಡಿಎಕ್ಸ್‌ಎಲ್ 1024ಕ್ಕೆ. ಅದಕ್ಕಿಂತ ಬಹಳ ದೊಡ್ಡ ಅಂಗಳ ಕೊಟ್ಟರೆ ಒಬ್ಬಳೇ ದೇವಿಯನ್ನು ಹಿಗ್ಗಿಸಿ ಬಿಡಿಸಲು ತಿಳಿಯುವುದಿಲ್ಲ. ಖಾಲಿ ಉಳಿದ ಜಾಗ ಕಂಡಲ್ಲೆಲ್ಲ ಇನ್ನೊಬ್ಬಳನ್ನು ನಿಲ್ಲಿಸುತ್ತವೆ.

ಕೊನೆಗೆ ನಾನೇ ಹೇಳಿ ಹೊಸ ಚಿತ್ರ ಮಾಡಿಸಿದೆ. ಅಡ್ಡ ಅಚ್ಚನ್ನು ಆರಿಸಿದಾಗ 1536ಕ್ಕೆ 1024 ಬಂತು. ಅದನ್ನು ಹತ್ತು ಅಡಿ ಅಗಲ ಮಾಡಿದರೆ ಎತ್ತರ ಆರು ಅಡಿ ಎಂಟು ಅಂಗುಲ, ಎಂಟು ಅಂಗುಲ ಹೆಚ್ಚು. ಅದಕ್ಕಾಗಿಯೇ ಕಮಾನಿನ ಮೇಲೆ ಬರೀ ಆಕಾಶ, ಪಾದದ ಕೆಳಗೆ ಬರೀ ಹುಲ್ಲು ಇರಲಿ ಎಂದು ಬರೆಸಿದ್ದೆ. ಕತ್ತರಿಸಿದ್ದು ಆ ಆಕಾಶವನ್ನು. ತಾಯಿಯನ್ನು ನಡುವಿನಿಂದ ಎಬ್ಬಿಸಿ ಬಲಕ್ಕೆ ನಿಲ್ಲಿಸಿದೆ, ಏಕೆಂದರೆ ಎಡದಲ್ಲಿ ಅಕ್ಷರಗಳಿಗೆ ಜಾಗ ಬೇಕು, ನಡುವೆ ಹೇಗಿದ್ದರೂ ಭಾಷಣಕಾರರು ನಿಂತು ಎಲ್ಲವನ್ನೂ ಮರೆಮಾಡುತ್ತಾರೆ.

ಆಗಲೂ ಅಂಗುಲಕ್ಕೆ ಸಿಕ್ಕಿದ್ದು ಹದಿಮೂರು ಪಿಕ್ಸೆಲ್‌ಗೂ ಸ್ವಲ್ಪ ಕಡಿಮೆ. ಅಪ್‌ಸ್ಕೇಲರ್ ಎಂಬ ಹಿಗ್ಗಿಸುವ ತಂತ್ರಾಂಶಕ್ಕೆ ಹಾಕಿ ನಾಲ್ಕು ಪಟ್ಟು ಮಾಡಿದಾಗ 6144 ಪಿಕ್ಸೆಲ್, ಅಂಗುಲಕ್ಕೆ ಐವತ್ತು. ಬಟ್ಟೆಯ ಮೇಲಿನ ದೊಡ್ಡ ಮುದ್ರಣಕ್ಕೆ ಧಾರಾಳ. ಆದರೆ ಅಪ್‌ಸ್ಕೇಲರ್ ಇಲ್ಲದ್ದನ್ನು ಊಹಿಸಿ ತುಂಬುವ ಯಂತ್ರ ಎಂಬುದನ್ನು ಮರೆಯಬಾರದು. ದೇವಿಯ ಮುಖ ದೊಡ್ಡದಿದ್ದುದರಿಂದ ಊಹೆ ಸರಿಹೋಯಿತು, ಕೆನ್ನೆ ಸ್ವಲ್ಪ ಮೇಣದ ಹಾಗಾಯಿತು ಅಷ್ಟೇ. ದೂರದ ಜನಸಾಗರದಲ್ಲಿ ಒಂದೊಂದು ಮುಖಕ್ಕೆ ಮೊದಲು ಇದ್ದದ್ದೇ ಎಂಟು ಹತ್ತು ಪಿಕ್ಸೆಲ್. ಅವಕ್ಕೆ ಯಂತ್ರ ತನಗೆ ತೋಚಿದ ಕಣ್ಣು ಬಾಯಿ ಕೊಟ್ಟಿತು. ಬಾಯಿ ಹಣೆಯಲ್ಲಿದ್ದವರೂ ಇದ್ದರು. ಅವರನ್ನೆಲ್ಲ ಮಂಜಿನಿಂದ ಮುಚ್ಚಿ ಮಲೆನಾಡಿನ ಬೆಳಗು ಎಂದು ಕರೆದೆ.

ಕಮಾನಿನ ಮೇಲಿನ ಬರಹದ ಕಥೆ ಇನ್ನೂ ಚಂದ. ಅದು ‘ಕನ್ನಡ ರಾಜ್ಯೋತ್ಸವ’ ಆಗಬೇಕಿತ್ತು. ಮೂಲದಲ್ಲಿ ಏನೋ ಮಸುಕು ಗೀಚು ಇತ್ತು, ಕಣ್ಣು ಕಿರಿದು ಮಾಡಿದರೆ ಕನ್ನಡ ಎಂದು ಭ್ರಮಿಸಬಹುದಿತ್ತು. ನಾಲ್ಕು ಪಟ್ಟಾದ ಮೇಲೆ ಭ್ರಮೆಗೂ ಅವಕಾಶವಿಲ್ಲದಂತೆ, ಚೂಪಾದ ಅಂಚಿನ, ದಪ್ಪ ನೆರಳಿನ, ಯಾವ ಲಿಪಿಗೂ ಸೇರದ ಅಕ್ಷರಗಳು ಎದ್ದು ನಿಂತವು. ರಾಜ್ಯೋತ್ಸವದ ದಿನ ಅವನ್ನು ತೂಗುಹಾಕಿದ್ದರೆ ಸಂಘದಲ್ಲಿ ಸಾಮೂಹಿಕ ರಾಜೀನಾಮೆ ಆಗುತ್ತಿತ್ತು. ಕಮಾನನ್ನು ಅಳಿಸಿ, ಅಕ್ಷರಗಳನ್ನು ಕೋರಲ್‌ಡ್ರಾನಲ್ಲಿ ನಾನೇ ಜೋಡಿಸಿದೆ. ಅಲ್ಲಿ ಅಕ್ಷರ ಪಿಕ್ಸೆಲ್‌ನಲ್ಲಿ ಇರುವುದಿಲ್ಲ, ಗೆರೆಗಳ ಲೆಕ್ಕದಲ್ಲಿರುತ್ತದೆ. ಹತ್ತಡಿಗಾಗಲಿ ನೂರಡಿಗಾಗಲಿ ಅಂಚು ಒಡೆಯುವುದಿಲ್ಲ.

ಆಹ್ವಾನ ಪತ್ರಿಕೆಗೆ ಮಾತ್ರ ಹಳೆಯ ಚೌಕವೇ ಸಾಕು ಎಂದಾಗ ಕಾರ್ಯದರ್ಶಿಗಳು ನನ್ನನ್ನು ಅನುಮಾನದಿಂದ ನೋಡಿದರು. ಕೈಯಲ್ಲಿ ಹಿಡಿದು ಓದುವ ಕಾಗದಕ್ಕೆ ಆಫ್‌ಸೆಟ್ಟಿನವರು ಅಂಗುಲಕ್ಕೆ 300 ಪಿಕ್ಸೆಲ್ ಕೇಳುತ್ತಾರೆ, ಬ್ಯಾನರಿಗಿಂತ ಆರು ಪಟ್ಟು ಕಟ್ಟುನಿಟ್ಟು. ಆದರೆ ಪತ್ರಿಕೆಯ ಅಗಲ ಐದೇ ಅಂಗುಲ. 1024 ಅಲ್ಲಿ ಅಂಗುಲಕ್ಕೆ 205 ಆಗುತ್ತದೆ, ಬಣ್ಣದ ಚಿತ್ರದಂಥ ಮೃದು ಅಂಚಿನ ದೇವಿಗೆ ಅಷ್ಟು ನಡೆಯುತ್ತದೆ. ಐದಕ್ಕೆ ಏಳರ ಕಾರ್ಡಿನಲ್ಲಿ ಮೇಲೆ ಚೌಕದ ಚಿತ್ರ, ಕೆಳಗೆ ಉಳಿದ ಎರಡು ಅಂಗುಲದಲ್ಲಿ ಕಾರ್ಯಕ್ರಮದ ವಿವರ.

ಇಷ್ಟಾದ ಮೇಲೆ ಅವರು ಬ್ಯಾನರಿನ ವಿನ್ಯಾಸವನ್ನೇ ಸ್ಟೇಟಸ್‌ಗೆ ಹಾಕಿಕೊಂಡರು. ನಿಂತ ಫೋನಿನಲ್ಲಿ ಮಲಗಿದ ಬ್ಯಾನರ್ ಪರದೆಯ ಮೂರನೇ ಒಂದು ಭಾಗಕ್ಕೆ ಕುಗ್ಗಿ, ಮೇಲೂ ಕೆಳಗೂ ಕಪ್ಪು ಪಟ್ಟಿ. ಬಟ್ಟೆಯ ಮೇಲೆ ಮೂರು ಅಂಗುಲ ಎತ್ತರದಲ್ಲಿ ಮೆರೆಯಬೇಕಿದ್ದ ಅತಿಥಿಗಳ ಹೆಸರು ಪರದೆಯಲ್ಲಿ ಎರಡು ಮಿಲಿಮೀಟರಿಗೂ ಕಡಿಮೆ. “ನನ್ನ ಹೆಸರನ್ನೇ ಕೈಬಿಟ್ಟಿದ್ದೀರಿ” ಎಂದು ಒಬ್ಬ ಹಿರಿಯ ಕವಿಗಳು ಫೋನಿನಲ್ಲಿ ಗುಡುಗಿದರಂತೆ. ಸಂಜೆಯೇ 1080ಕ್ಕೆ 1920ರಲ್ಲಿ ಎಲ್ಲವನ್ನೂ ಮತ್ತೆ ಜೋಡಿಸಿಕೊಟ್ಟೆ: ಮೇಲರ್ಧಕ್ಕೆ ಚೌಕದ ದೇವಿ, ಕೆಳಗೆ ದಪ್ಪಕ್ಷರದಲ್ಲಿ ಕವಿಗಳು.

ನಡುವೆ ಅಧ್ಯಕ್ಷರ ಭಾವಚಿತ್ರವೂ ಬ್ಯಾನರಿಗೆ ಬೇಕೆಂದು ಬಂತು. ಫೇಸ್‌ಬುಕ್ ಡಿಪಿಯನ್ನೇ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರು, ತಲೆಯ ಮೇಲೆ ‘14%’ ಎಂಬ ಬ್ಯಾಟರಿ ಸಹಿತ. ಮೂಲ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಹಿಂಡದೆ ಬರುತ್ತದೆ ಎಂದೆ. ಸಿಗಲಿಲ್ಲ. ಅಧ್ಯಕ್ಷರನ್ನು ಅಂಗೈ ಅಗಲಕ್ಕೆ ಇಳಿಸಿ ಮೂಲೆಯಲ್ಲಿ ಕೂರಿಸಿದೆ. ಪಿಕ್ಸೆಲ್ ಇದ್ದಷ್ಟೇ ಪದವಿ.

ಬ್ಯಾನರ್ ಚೆನ್ನಾಗಿ ಬಂತು. ಶಾಸಕರು ಮುಂದಿನ ಸಾಲಿನಲ್ಲೇ ಕೂತರು. ಮೂರನೇ ದಿನ ಖಜಾಂಚಿಗಳು ಬಿಲ್ ಹಿಡಿದು ಬಂದರು. ಅರವತ್ತು ಚದರಡಿಯ ದರದ ಮುಂದೆ ಅವರ ಬೆರಳು ನಿಂತಿತು.

“ಅಕ್ಕಾ, ಮೊದಲನೇ ಚಿತ್ರದಲ್ಲಿ ಪಿಕ್ಸೆಲ್ ಕಡಿಮೆ ಇತ್ತೆಂದು ಕಾರ್ಯದರ್ಶಿಗಳು ಹೇಳಿದರು. ಅದನ್ನೇ ಹಾಕಿದ್ದರೆ ಎಷ್ಟು ಕಡಿಮೆ ಆಗುತ್ತಿತ್ತು?”

“ಅಷ್ಟೇ ಆಗುತ್ತಿತ್ತು ಸಾರ್. ದರ ಬಟ್ಟೆಗೆ.”

ಅವರು ಸ್ವಲ್ಪ ಹೊತ್ತು ಯೋಚಿಸಿ, ಮುಂದಿನ ವರ್ಷ ಬ್ಯಾನರನ್ನು ಫೋನಿನಷ್ಟೇ ಮಾಡಿಸಿದರೆ ಹೇಗೆ ಎಂದು ಕೇಳಿದರು.