ಓಟಿಪಿ ಕೊಡುವ ಮುಂಚೆ ಬಾಕ್ಸಿನ ಕೆಳಮೂಲೆ ನೋಡಿ

ನಾನಿರುವ ಜರ್ಮನಿಯಲ್ಲಿ ಟಿವಿ ತರಿಸಿದರೆ ಯಾರೂ ಬಾಕ್ಸಿನ ವಿಡಿಯೋ ಮಾಡುವುದಿಲ್ಲ. ಬಾಗಿಲಲ್ಲಿ ಇಳಿಸಿ ಹೋಗುತ್ತಾರೆ, ನಾವೇ ಬಿಚ್ಚಿ, ನಾವೇ ಸ್ಟ್ಯಾಂಡ್ ಜೋಡಿಸಿಕೊಳ್ಳುತ್ತೇವೆ. ಬೆಂಗಳೂರಿನಲ್ಲಿ ಅಪ್ಪನ ಮನೆಗೆ ಆನ್‌ಲೈನಲ್ಲಿ ಟಿವಿ ತರಿಸಿದಾಗ ಮಾತ್ರ ಇಡೀ ಮನೆ ಸಿನಿಮಾ ಶೂಟಿಂಗಿಗೆ ನಿಂತ ಹಾಗೆ ನಿಲ್ಲುತ್ತದೆ. ಇಲ್ಲಿನ ಗೆಳೆಯರಿಗೆ ಇದು ನಗು. ಆದರೆ ಎರಡೂ ಕಡೆ ಟಿವಿ ಕೊಂಡವನಾಗಿ ಹೇಳುತ್ತೇನೆ, ಬೆಂಗಳೂರಿನಲ್ಲಿ ವಿಡಿಯೋ ಬೇಕೇ ಬೇಕು.

ಯುರೋಪಿನ ನಿಯಮದಲ್ಲಿ ಆನ್‌ಲೈನ್‌ನಲ್ಲಿ ಕೊಂಡ ಮಾಲನ್ನು ಕೈಗೆ ಬಂದ ಮೇಲೆ 14 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡಬಹುದು. ಜರ್ಮನಿಯಲ್ಲಿ 2022ರಿಂದ ಇನ್ನೊಂದು ಅನುಕೂಲವಿದೆ: ಮೊದಲ ಒಂದು ವರ್ಷದಲ್ಲಿ ದೋಷ ಕಂಡರೆ ಅದು ಮೊದಲಿಂದಲೇ ಇತ್ತು ಅಂತಲೇ ಲೆಕ್ಕ, ಇಲ್ಲ ಅನ್ನುವುದಾದರೆ ಅಂಗಡಿಯವನೇ ತೋರಿಸಬೇಕು. ಭಾರತದಲ್ಲೂ ಕಾನೂನು ಇಲ್ಲ ಅಂತಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕೆಟ್ಟ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವ ಹಾಗಿಲ್ಲ. ಆದರೆ ಅದು ನಿಮ್ಮ ಮನೆಗೆ ಬರುವ ಮುಂಚೆಯೇ ಕೆಟ್ಟಿತ್ತು ಅಂತ ತೋರಿಸುವ ಕೆಲಸ, ನಿಜ ಜೀವನದಲ್ಲಿ, ನಿಮ್ಮ ತಲೆಗೇ ಬರುತ್ತದೆ.

ಅದರ ಮೇಲೆ ಇನ್ನೊಂದು ತೊಡಕು. ಬಾಕ್ಸ್ ತರುವವರು ಬೇರೆ, ಡೆಮೋ ಕೊಡುವವರು ಬೇರೆ. ಶನಿವಾರ ಬಾಕ್ಸ್ ಬಂದರೆ ಸೋಮವಾರವೋ ಮಂಗಳವಾರವೋ ಟೆಕ್ನಿಷಿಯನ್ ಬರುತ್ತಾರೆ. ಅಲ್ಲಿವರೆಗೆ ಬಾಕ್ಸ್ ತೆರೆಯಬೇಡಿ ಅಂತ ಎಷ್ಟೋ ಕಂಪನಿಗಳು ಹೇಳುತ್ತವೆ. ಬದಲಿಸಿಕೊಡುವ ಗಡುವು ಮಾತ್ರ ಬಾಕ್ಸ್ ಕೈಗೆ ಬಂದ ದಿನದಿಂದಲೇ ಓಡುತ್ತಿರುತ್ತದೆ. ಒಳಗೆ ಗಾಜು ಒಡೆದಿದ್ದರೆ, ಡೆಲಿವರಿಯವರು ನಾವು ಸರಿಯಾಗೇ ಕೊಟ್ಟಿದ್ದೇವೆ, ಓಟಿಪಿ ಕೊಟ್ಟಿದ್ದೀರಲ್ಲ ಅನ್ನುತ್ತಾರೆ. ಕಂಪನಿಯವರು ಒಡೆದ ಪ್ಯಾನೆಲ್‌ಗೆ ವಾರಂಟಿ ಇಲ್ಲ ಅನ್ನುತ್ತಾರೆ.

ವಿಜಯನಗರದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಹೀಗೇ ಆಯಿತು. 55 ಇಂಚಿನ ಟಿವಿ. ಬಾಕ್ಸ್ ಹೊರಗಿಂದ ಹೆಚ್ಚುಕಮ್ಮಿ ಸರಿಯಾಗೇ ಇತ್ತು, ಕೆಳಗಿನ ಬಲಮೂಲೆ ಮಾತ್ರ ಸ್ವಲ್ಪ ಜಜ್ಜಿತ್ತು. ಡೆಮೋ ದಿನ ಹೊರತೆಗೆದಾಗ ಗಾಜಿನ ಮೇಲೆ ಒಂದು ಗೀರೂ ಕಾಣಲಿಲ್ಲ. ಆನ್ ಮಾಡಿದ ಮೇಲೆ ನೋಡಿದರೆ ಅದೇ ಬಲಮೂಲೆಯಿಂದ ಜೇಡರ ಬಲೆಯಂಥ ಗೆರೆಗಳು, ಪಕ್ಕದಲ್ಲಿ ಅಂಗೈಯಗಲ ಕಪ್ಪು ಕಲೆ. ಎಲ್‌ಸಿಡಿ ಪ್ಯಾನೆಲ್ ಹಾಗೆಯೇ. ಮೇಲ್ಮೈ ಸರಿಯಿದ್ದು ಒಳಗಿನ ಗಾಜು ಒಡೆದಿದ್ದರೆ ಕರೆಂಟ್ ಕೊಡುವವರೆಗೆ ಗೊತ್ತಾಗುವುದಿಲ್ಲ. ಅದಕ್ಕೇ ಓಪನ್ ಬಾಕ್ಸ್ ಡೆಲಿವರಿ ಸಿಕ್ಕಿದರೂ ನನಗೆ ಅರ್ಧ ಸಮಾಧಾನ ಅಷ್ಟೆ. ಆ ಹುಡುಗರು ಬಿಚ್ಚಿ ತೋರಿಸುತ್ತಾರೆ, ಸಾಮಾನ್ಯವಾಗಿ ಪ್ಲಗ್ ಹಾಕಿ ತೋರಿಸುವುದಿಲ್ಲ.

ಟೆಕ್ನಿಷಿಯನ್ ಜಾಬ್ ಶೀಟಿನಲ್ಲಿ 'ಫಿಸಿಕಲ್ ಡ್ಯಾಮೇಜ್' ಅಂತ ಬರೆದು ಹೊರಟಿದ್ದರು. ಚಿಕ್ಕಮ್ಮನ ಮಗ ಬಿಡಲಿಲ್ಲ. "ಸರ್, ನಿಮ್ಮ ಕಣ್ಣೆದುರೇ ತೆಗೆದಿದ್ದಲ್ವಾ, ಬಾಕ್ಸ್ ತೆರೆದಾಗಲೇ ಒಡೆದಿತ್ತು ಅಂತ ಸೇರಿಸಿ" ಅಂದ. ಸೇರಿಸಿದರು. ಆ ಒಂದು ಸಾಲೇ ಕೊನೆಗೆ ಕೆಲಸಕ್ಕೆ ಬಂದಿದ್ದು, ಯಾಕೆಂದರೆ ಬರೀ ಫಿಸಿಕಲ್ ಡ್ಯಾಮೇಜ್ ಅಂದರೆ ಒಡೆದಿದ್ದು ಯಾರು ಅನ್ನುವುದು ಖಾಲಿ ಉಳಿಯುತ್ತದೆ, ಆ ಖಾಲಿ ಜಾಗದಲ್ಲಿ ಎಲ್ಲರೂ ನಿಮ್ಮ ಹೆಸರನ್ನೇ ಬರೆಯುತ್ತಾರೆ. ಅಂಗಡಿ ಮೊದಲು ಆಗಲ್ಲ ಅಂತು. ಡೆಲಿವರಿ ದಿನದ ವಿಡಿಯೋದಲ್ಲಿ ಜಜ್ಜಿದ ಮೂಲೆ, ಡೆಮೋ ದಿನದ ವಿಡಿಯೋದಲ್ಲಿ ಅದೇ ಮೂಲೆಯಿಂದ ಹೊರಟ ಬಿರುಕು, ಜೊತೆಗೆ ಜಾಬ್ ಶೀಟಿನ ಫೋಟೋ, ಇಷ್ಟನ್ನು ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಬೇರೆ ಟಿವಿ ಬಂತು.

ಬನಶಂಕರಿಯಲ್ಲಿ ಅಪ್ಪನಿಗೆ ತರಿಸಿದಾಗ ನಾವು ಇದನ್ನೇ ಪಾಠ ಮಾಡಿಕೊಂಡೆವು. ಆರ್ಡರ್ ನನ್ನ ಖಾತೆಯಲ್ಲಿ, ಹಾಗಾಗಿ ಓಟಿಪಿ ಬರುವುದು ನನಗೆ. ಅಲ್ಲಿ ಬೆಳಗ್ಗೆ 11 ಅಂದರೆ ಚಳಿಗಾಲದಲ್ಲಿ ನನಗೆ ಆರೂವರೆ. ನಿದ್ದೆ ಹಾಳಾದರೂ ಇದು ಒಳ್ಳೆಯದೇ, ಅಪ್ಪನ ವಿಡಿಯೋ ಮುಗಿಯುವವರೆಗೆ ನಾನು ಓಟಿಪಿ ಹೇಳುವುದಿಲ್ಲ. ವಾಟ್ಸಾಪ್ ವಿಡಿಯೋ ಕಾಲ್ ಮುಗಿದ ಮೇಲೆ ಏನೂ ಉಳಿಯುವುದಿಲ್ಲ, ಅದು ನೆನಪಿರಲಿ. ಅಮ್ಮನ ಫೋನಿನಲ್ಲಿ ಕಾಲ್, ಅಪ್ಪನ ಫೋನಿನಲ್ಲಿ ರೆಕಾರ್ಡಿಂಗ್.

ನಡುವೆ ನಿಲ್ಲಿಸದ ಒಂದೇ ವಿಡಿಯೋ ಆಗಬೇಕು. ಮೊದಲು ಹೆಸರು, ಆರ್ಡರ್ ನಂಬರ್ ಇರುವ ಚೀಟಿ, ಆಮೇಲೆ ಮಾಡೆಲ್ ಮತ್ತು ಸೀರಿಯಲ್ ನಂಬರಿನ ಸ್ಟಿಕರ್, ಆಮೇಲೆ ನಾಲ್ಕೂ ಪಕ್ಕ. ಟೇಪಿನ ಹತ್ತಿರ ನಿಧಾನ ಮಾಡಿ. ಕಂಪನಿ ಟೇಪಿನ ಮೇಲೆ ಬರೀ ಕಂದು ಟೇಪ್ ಇನ್ನೊಂದು ಸುತ್ತು ಬಿದ್ದಿದ್ದರೆ, ಪಟ್ಟಿ ಹರಿದಿದ್ದರೆ, ಬಾಕ್ಸಿನ ಪಕ್ಕದ ಪ್ಲಾಸ್ಟಿಕ್ ಲಾಕ್ ಕಳೆದಿದ್ದರೆ ಯಾರೋ ಮೊದಲೇ ತೆರೆದಿರಬಹುದು. ಏಟು ಬಿದ್ದರೆ ಕೆಂಪಾಗುವ ಸ್ಟಿಕರ್ ಇದ್ದರೆ ಅದನ್ನೂ ತೋರಿಸಿ. ಎಲ್ಲಕ್ಕಿಂತ ಮುಖ್ಯ ಕೆಳಗಿನ ಮೂಲೆಗಳು. ಟಿವಿ ಬಾಕ್ಸನ್ನು ನಿಲ್ಲಿಸಿಯೇ ಸಾಗಿಸಬೇಕು, ಕೈ ಜಾರಿದರೆ ಮೊದಲು ನೆಲಕ್ಕೆ ತಾಗುವುದು ಅವೇ.

"ಅಪ್ಪ, ಕೆಳಗಿನ ಮೂಲೆ ತೋರಿಸಿ."

"ಬಗ್ಗಕ್ಕಾಗಲ್ಲ ಕಣೋ, ಆ ಹುಡುಗನ ಕೈಲೇ ಹಿಡಿಸ್ತೀನಿ ತಾಳು."

ಪಾಪ, ಆ ಹುಡುಗನೇ ಫೋನ್ ಹಿಡಿದು ಸುತ್ತಲೂ ತೋರಿಸಿದ! ಮೂಲೆ ಜೋರಾಗಿ ಜಜ್ಜಿದ್ದರೆ ನನ್ನ ಮಟ್ಟಿಗೆ ಓಟಿಪಿ ಕೊಡದೆ ವಾಪಸ್ ಕಳಿಸುವುದೇ ಸರಿ. ಅನುಮಾನ ಬರುವಷ್ಟು ಮಾತ್ರ ಇದ್ದರೆ ಆಗಲೇ ಅಂಗಡಿಯ ಚಾಟಿನಲ್ಲಿ ಫೋಟೋ ಹಾಕಿ, ಡೆಮೋ ತಡವಾದರೂ ಅಲ್ಲೇ ಬರೆದು ಕೇಳಿ. ಫೋನಿನಲ್ಲಿ ಹೇಳಿದ್ದಕ್ಕೆ ತಾರೀಕು ಇರುವುದಿಲ್ಲ.

ಡೆಮೋ ದಿನದ ವಿಡಿಯೋ ಇನ್ನೂ ತೆಗೆಯದ ಟೇಪಿನಿಂದ ಶುರುವಾಗಲಿ. ರಿಮೋಟ್, ಬ್ಯಾಟರಿ, ಪವರ್ ಕೇಬಲ್, ಎರಡು ಕಾಲು, ಅದರ ಸ್ಕ್ರೂಗಳು, ಪುಸ್ತಕ, ಎಲ್ಲವನ್ನೂ ಬಾಕ್ಸಿನ ಮೇಲಿನ ಪಟ್ಟಿಗೆ ತಾಳೆ ನೋಡಿ. ಗೋಡೆಗೆ ಹಾಕುವ ಬ್ರಾಕೆಟ್ ಪಟ್ಟಿಯಲ್ಲಿದ್ದೂ ಟೆಕ್ನಿಷಿಯನ್ ತಮ್ಮ ಚೀಲದಿಂದ ಒಂದನ್ನು ತೆಗೆದು ಬೆಲೆ ಹೇಳಿದರೆ ಸುಮ್ನೆ ದುಡ್ಡು ಕೊಡಬೇಡಿ. ಸೀರಿಯಲ್ ನಂಬರ್ ಬಾಕ್ಸಿನ ಮೇಲೆ, ಟಿವಿ ಹಿಂದೆ, ಆನ್ ಆದ ಮೇಲೆ ಸೆಟ್ಟಿಂಗಿನಲ್ಲಿ, ಮೂರೂ ಕಡೆ ಒಂದೇ ಇರಬೇಕು. ಹೊಸ ಸ್ಮಾರ್ಟ್ ಟಿವಿ ಮೊದಲ ಸಲ ಆನ್ ಆದಾಗ ಭಾಷೆ ಯಾವುದು, ವೈಫೈ ಯಾವುದು ಅಂತ ಕೇಳುತ್ತದೆ. ಏನೂ ಕೇಳದೆ ನೇರ ಆ್ಯಪ್‌ಗಳ ಪರದೆಗೆ ಹೋದರೆ ಅದನ್ನು ಯಾರೋ ಮೊದಲೇ ಬಳಸಿದ್ದಾರೆ ಅಂತಲೇ ಅನುಮಾನಿಸಿ.

ಗೋಡೆ ಕೊರೆಯುವ ಮುಂಚೆ ಟಿವಿಯನ್ನು ಅದರ ಕಾಲಿನ ಮೇಲೇ ನಿಲ್ಲಿಸಿ ಪೂರ್ತಿ ಬಿಳಿ, ಕೆಂಪು, ಹಸಿರು, ನೀಲಿ, ಕಪ್ಪು ಪರದೆ ಹಾಕಿಸಿ. ಯೂಟ್ಯೂಬ್‌ನಲ್ಲಿ ಇಂಥ ವಿಡಿಯೋ ಸಿಗುತ್ತವೆ. ಗೆರೆ, ಕಲೆ ಇದ್ದರೆ ಬಿಳಿಯಲ್ಲೇ ಗೊತ್ತಾಗುತ್ತದೆ. ಪರದೆಯಲ್ಲಿ ಬೆಳಗದೆ ಸತ್ತ ಒಂದೆರಡು ಚುಕ್ಕೆಗೆ ಕಂಪನಿಗಳು ಸಾಮಾನ್ಯವಾಗಿ ಟಿವಿ ಬದಲಿಸುವುದಿಲ್ಲ, ಅದಕ್ಕಾಗಿ ಜಗಳ ಬೇಡ. ಕೆಲಸ ಮುಗಿಯಿತು ಅನ್ನುವ ಕೋಡನ್ನು ಇದೆಲ್ಲ ಆದ ಮೇಲೆಯೇ ಹೇಳಿ. ಬಾಕ್ಸ್ ಮತ್ತು ಥರ್ಮಾಕೋಲನ್ನು ಗಡುವು ಮುಗಿಯುವವರೆಗೆ ಅಟ್ಟದ ಮೇಲೆ ಇಡಿ.

ಹಾಗಂತ ಜರ್ಮನಿಯ ರೀತಿಯೇ ಮೇಲು ಅಂತ ನಾನು ಹೇಳುವುದಿಲ್ಲ. ಇಲ್ಲಿ ಗೋಡೆಗೆ ಹಾಕಿಸಲು ಯಾರನ್ನಾದರೂ ಕರೆದರೆ ಗಂಟೆ ಲೆಕ್ಕದಲ್ಲಿ ದುಡ್ಡು ಎಣಿಸಬೇಕು, ಅಪ್ಪನ ವಯಸ್ಸಿನವರು ಒಬ್ಬರೇ ಇದ್ದರೆ ಕಷ್ಟ. ಮನೆಗೇ ಬಂದು ರಿಮೋಟ್ ಬಟನ್ ಒಂದೊಂದೂ ಹೇಳಿಕೊಡುವ ಬೆಂಗಳೂರಿನ ಡೆಮೋ ನನಗೆ ತುಂಬಾ ಇಷ್ಟ. ಅದು ಬಾಕ್ಸ್ ಬಂದ ದಿನವೇ ಆಗಬೇಕು, ನನ್ನ ತಕರಾರು ಅಷ್ಟೇ. ಬಡಾವಣೆಯ ಶೋರೂಮಿನಲ್ಲಿ ಕೇಳಿ ನೋಡಿ, ಕೆಲವರು ಟಿವಿ ಜೊತೆಗೇ ಹುಡುಗನನ್ನು ಕಳಿಸಿ ಆನ್ ಮಾಡಿಸಿ ಕೊಡುತ್ತಾರೆ. ಮನೆಯಲ್ಲಿ ವಯಸ್ಸಾದವರು ಮಾತ್ರ ಇದ್ದರೆ ಅದಕ್ಕಾಗಿ ಸಾವಿರ ರೂಪಾಯಿ ಜಾಸ್ತಿ ಆದರೂ ನಾನು ಕೊಡುತ್ತೇನೆ.