22 ಸಾವಿರ ಫಾಲೋವರ್ಸ್, 38 ಪ್ರತಿ

ಕಳೆದ ಭಾನುವಾರ ಬಸವನಗುಡಿಯ ಸಭಾಂಗಣವೊಂದರಲ್ಲಿ ಒಂದು ಕಥಾಸಂಕಲನದ ಬಿಡುಗಡೆಗೆ ಹೋಗಿದ್ದೆ. ಅದರ ಪುಟ ವಿನ್ಯಾಸ ನನ್ನದೇ ಆಗಿದ್ದರಿಂದ ಪ್ರತಿ ಕಥೆಯನ್ನೂ ಮೂರು ಮೂರು ಸಲ ಓದಿದ್ದೇನೆ, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ಹುಡುಗ ಚೆನ್ನಾಗಿ ಬರೆದಿದ್ದಾನೆ. ಇಪ್ಪತ್ತಾರರ ವಯಸ್ಸು, ಮೊದಲ ಪುಸ್ತಕ. ಕಾರ್ಯಕ್ರಮ ಮುಗಿದು ಜನ ಕಾಫಿ ಕುಡಿದು ಹೋದ ಮೇಲೆ ಬಾಗಿಲ ಬಳಿಯ ಮೇಜಿನಲ್ಲಿ ಲೆಕ್ಕ ಹಾಕಿದರೆ ಮಾರಾಟವಾದದ್ದು 38 ಪ್ರತಿ. ಇನ್‌ಸ್ಟಾಗ್ರಾಮ್‌ನಲ್ಲಿ ಅವನಿಗೆ 22 ಸಾವಿರ ಫಾಲೋವರ್ಸ್ ಇದ್ದಾರೆ. ಬಿಚ್ಚದೆ ಉಳಿದ ಪುಸ್ತಕದ ಕಟ್ಟುಗಳ ಪಕ್ಕದಲ್ಲಿ ನಿಂತು ಅವನು ಹೇಳಿದ ಮಾತು ಇದು: "ಅಕ್ಕಾ, ನಾನಿನ್ನೂ ಸರಿಯಾಗಿ ಬ್ರ್ಯಾಂಡ್ ಆಗಿಲ್ಲವಂತೆ. ಅದಕ್ಕೇ ಹೀಗಾಯಿತು ಅಂತ ಅವರು ಹೇಳಿದರು."

ಅವರು ಅಂದರೆ ಯಾರು ಎಂದು ವಿಚಾರಿಸಿದೆ. ಲೇಖಕರಿಗೆ "ಪರ್ಸನಲ್ ಬ್ರ್ಯಾಂಡ್" ಕಟ್ಟಿಕೊಡುವವರಂತೆ. ಫೋಟೊ ತೆಗೆದು, ಹೆಸರಿಗೊಂದು ಲೋಗೋ ಮಾಡಿ, ಪೋಸ್ಟರ್‌ಗಳಿಗೆಲ್ಲ ಒಂದೇ ಬಣ್ಣ ಗೊತ್ತುಮಾಡಿ, ಮೂರು ತಿಂಗಳು ರೀಲ್ಸ್ ಹಾಕಿದ್ದಕ್ಕೆ 40 ಸಾವಿರ ರೂಪಾಯಿ ಪಡೆದಿದ್ದಾರೆ. ಆ ರಾತ್ರಿ ಸಿಟ್ಟಿನಿಂದ ನನಗೆ ನಿದ್ದೆ ಹತ್ತಲಿಲ್ಲ.

ನನ್ನ ಸಿಟ್ಟು ಅರ್ಥವಾಗಬೇಕಾದರೆ ಆ ಪುಸ್ತಕದ ಲೆಕ್ಕವನ್ನು ನೀವು ನೋಡಬೇಕು. 160 ಪುಟ, ಡೆಮ್ಮಿ ಆಕಾರ, 500 ಪ್ರತಿ. ಅಕ್ಷರ ಜೋಡಣೆ, ಕರಡು ತಿದ್ದುವುದು, ಮುಖಪುಟ, ಕಾಗದ, ಮುದ್ರಣ, ಬೈಂಡಿಂಗ್ ಎಲ್ಲ ಸೇರಿ 50 ಸಾವಿರ ರೂಪಾಯಿ ಆಗಿದೆ. ಬೆಲೆ 200 ರೂಪಾಯಿ. ಅಂಗಡಿಯವರಿಗೆ ಕೊಟ್ಟದ್ದು ಶೇ 40ರ ರಿಯಾಯಿತಿ, ಅಂದರೆ ಒಂದು ಪ್ರತಿ ಮಾರಾಟವಾದರೆ ಅವನ ಕೈಗೆ ಬರುವುದು 120, ಅದೂ ತಿಂಗಳುಗಳ ನಂತರ. ಮುನ್ನುಡಿ ಬರೆದವರು, ಅತಿಥಿಗಳು, ಪತ್ರಿಕೆಗಳು ಎಂದು 40 ಗೌರವ ಪ್ರತಿ ಹೋದರೆ ಉಳಿಯುವುದು 460. ಅಷ್ಟೂ ಅಂಗಡಿಗಳ ಮೂಲಕ ಮಾರಾಟವಾದರೆ ಬರುವುದು 55,200. ಕೊನೆಯ ಪ್ರತಿಯೂ ಖರ್ಚಾದ ದಿನ ಅವನಿಗೆ ಉಳಿಯುವ ಹಣ 5,200 ರೂಪಾಯಿ. ಇಂಥ ಪುಸ್ತಕದ ಮೇಲೆ 40 ಸಾವಿರ ಹೊರಿಸಿದವರಿಗೆ ಕನ್ನಡ ಪುಸ್ತಕದ ವ್ಯವಹಾರ ಗೊತ್ತಿರಲಿಲ್ಲವೆಂದು ಇಟ್ಟುಕೊಂಡರೂ, ಮೊದಲ ಪುಸ್ತಕ ತರುವವನ ಕನಸು ಎಷ್ಟು ಮೆತ್ತಗಿರುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಅರ್ಜಿ ಹಾಕಿದೆಯಾ ಎಂದು ಕೇಳಿದೆ. ಅಂಥದ್ದೊಂದು ಇದೆಯೆಂದು ಅವನಿಗೆ ಯಾರೂ ಹೇಳಿಯೇ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಕೂತು ಅವನ ಹೆಸರಿನಲ್ಲಿ ಹಾಕಿರುವ 31 ರೀಲ್‌ಗಳನ್ನೂ ನೋಡಿದೆ. ಅವನು ಕಾಫಿ ಕುಡಿಯುತ್ತಾನೆ, ಕಿಟಕಿಯ ಹೊರಗಿನ ಮಳೆ ನೋಡುತ್ತಾನೆ, ಹಳೆಯ ಬೆರಳಚ್ಚು ಯಂತ್ರದ ಮುಂದೆ ಕೂರುತ್ತಾನೆ (ಅವನು ಬರೆಯುವುದು ಮೊಬೈಲಿನಲ್ಲಿ). ಒಂದೇ ಒಂದು ರೀಲ್‌ನಲ್ಲಿ ಮಾತ್ರ ತನ್ನ ಕಥೆಯ ಮೊದಲ ಪುಟವನ್ನು ಓದಿದ್ದಾನೆ. ಗಾರೆ ಕೆಲಸ ಮಾಡಿ ಮಾಡಿ ಹೆಬ್ಬೆಟ್ಟಿನ ಗೆರೆ ಸವೆದುಹೋದ ತಾಯಿಯೊಬ್ಬಳು ರೇಷನ್ ಅಂಗಡಿಯ ಯಂತ್ರದ ಮೇಲೆ ಬೆರಳಿಡುತ್ತಾಳೆ, ಯಂತ್ರ ಒಪ್ಪುವುದಿಲ್ಲ, ಸೀರೆಗೆ ಒರೆಸಿಕೊಂಡು ಮತ್ತೆ ಇಡುತ್ತಾಳೆ. ಎಲ್ಲ ರೀಲ್‌ಗಳ ಪೈಕಿ ಅತಿ ಕಡಿಮೆ ಜನ ನೋಡಿದ್ದು ಇದನ್ನೇ. ಆದರೆ ಅದರ ಕೆಳಗೆ 11 ಜನ "ಈ ಪುಸ್ತಕ ಎಲ್ಲಿ ಸಿಗುತ್ತದೆ?" ಎಂದು ಕೇಳಿದ್ದಾರೆ. ಮಿಕ್ಕ 30ರ ಕೆಳಗೆ ಹೃದಯದ ಚಿತ್ರಗಳಿವೆ, ಈ ಪ್ರಶ್ನೆ ಎಲ್ಲಿಯೂ ಇಲ್ಲ. ಆ 11 ಮಂದಿಯಲ್ಲಿ ಒಬ್ಬರಿಗೂ ಉತ್ತರ ಹೋಗಿಲ್ಲ, ಏಕೆಂದರೆ ಖಾತೆಯನ್ನು ನೋಡಿಕೊಳ್ಳುತ್ತಿದ್ದದ್ದು ಬ್ರ್ಯಾಂಡ್ ಕಟ್ಟುವವರು. ಪುಸ್ತಕ ಕೇಳಿಕೊಂಡು ಮನೆ ಬಾಗಿಲಿಗೆ ಬಂದವರನ್ನು ನೀರೂ ಕೊಡದೆ ವಾಪಸು ಕಳಿಸಿದಂತಾಯಿತು.

ಕಾಲ ಬದಲಾಗಿದೆ, ಹುಡುಗರೆಲ್ಲ ಮೊಬೈಲಿನಲ್ಲೇ ಇದ್ದಾರೆ, ಲೇಖಕ ಅಲ್ಲಿ ಕಾಣಿಸಿಕೊಳ್ಳದಿದ್ದರೆ ಅವನಿದ್ದಾನೆಂದು ತಿಳಿಯುವುದಾದರೂ ಹೇಗೆ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಕಾಣಿಸಿಕೊಳ್ಳಲಿ, ನಾನು ಬೇಡ ಎನ್ನುವುದಿಲ್ಲ. ಆ 11 ಜನ ಸಿಕ್ಕಿದ್ದೂ ಅಲ್ಲಿಯೇ. ಆದರೆ ಅವರಿಗೆ ಕಂಡದ್ದು ಕಥೆ. ಲೇಖಕನ ಮುಖವನ್ನು ಮೊದಲು ಮಾರಿಬಿಟ್ಟರೆ ಪುಸ್ತಕ ತಾನಾಗಿ ಹಿಂದೆ ಬರುತ್ತದೆ ಎಂಬ ಮಾತು ಸಿನಿಮಾದವರ ವಿಷಯದಲ್ಲಿ ನಿಜವಿರಬಹುದು. ಅದನ್ನು ಮೊದಲ ಪುಸ್ತಕದವನ ತಲೆಗೆ ತುಂಬುವುದು ಅನ್ಯಾಯ.

ಕನ್ನಡದಲ್ಲಿ ಓದುಗರನ್ನು ಕಟ್ಟಿಕೊಳ್ಳುವ ಕೆಲಸ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಧಾರವಾಡದಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆಯು ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡು ಅವರಿಗೆ ಪುಸ್ತಕ ಕಳುಹಿಸುತ್ತ ಬಂತು. ಓದುಗ ಯಾರು, ಯಾವ ಊರಿನವನು ಎಂಬುದು ಅವರ ಬಳಿ ಬರಹದಲ್ಲಿತ್ತು. 22 ಸಾವಿರದಲ್ಲಿ ಹೊಸದುರ್ಗದವರು ಎಷ್ಟು ಜನ ಎಂದು ಕೇಳಿದರೆ ಈ ಹುಡುಗನಿಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ.

2018ರಲ್ಲಿ ನನ್ನ ಮೊದಲ ಪುಸ್ತಕ ಬಂದಾಗ ನಾನೊಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೆ. ನೇರವಾಗಿ ನನ್ನಿಂದ ಕೊಂಡವರ ಹೆಸರು, ಊರು, ಫೋನ್ ಸಂಖ್ಯೆ, ಕೊನೆಯ ಕಾಲಮ್ಮಿನಲ್ಲಿ "ಪುಸ್ತಕದ ವಿಷಯ ಹೇಗೆ ತಿಳಿಯಿತು" ಎಂಬುದಕ್ಕೆ ಅವರು ಕೊಟ್ಟ ಉತ್ತರ. ಒಟ್ಟು 214 ಹೆಸರು. ಅದರಲ್ಲಿ 71 ಜನ ನನ್ನ ಒಂದೇ ಒಂದು ಕಥೆಯನ್ನು ದೀಪಾವಳಿ ವಿಶೇಷಾಂಕದಲ್ಲಿ ಓದಿದ್ದವರು. 48 ಜನ ತಾಲ್ಲೂಕು ಕಾಲೇಜುಗಳಲ್ಲಿ ನಾನು ಕಥೆ ಓದಿದಾಗ ಕೇಳಿದ್ದವರು ಮತ್ತು ಅವರ ಮೇಷ್ಟ್ರುಗಳು. 33 ಜನರಿಗೆ ಬೇರೊಬ್ಬ ಓದುಗರು ಹೇಳಿದ್ದರು. ಆ ಕಾಲಮ್ಮನ್ನು ತುಂಬದೆ ಹೋಗಿದ್ದರೆ ಪುಸ್ತಕ ಖರ್ಚಾದದ್ದು ನಾನು ಫೇಸ್‌ಬುಕ್ಕಿನಲ್ಲಿ ದಿನಾ ಹಾಕುತ್ತಿದ್ದ ಮುಖಪುಟದ ಚಿತ್ರದಿಂದ ಎಂದೇ ಇವತ್ತಿಗೂ ನಂಬಿಕೊಂಡಿರುತ್ತಿದ್ದೆ. ಅದರಿಂದ ಬಂದವರು 26.

ಇಷ್ಟೆಲ್ಲ ಹೇಳುವ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಆ ನೋಟ್‌ಬುಕ್ಕನ್ನು ಬೀರುವಿನಲ್ಲಿಟ್ಟು ನಾಲ್ಕು ವರ್ಷ ಅದರ ಕಡೆ ತಿರುಗಿ ನೋಡಲಿಲ್ಲ. 2022ರಲ್ಲಿ ಎರಡನೆಯ ಪುಸ್ತಕ ಬಂದಾಗ 214 ಸಂಖ್ಯೆಗಳನ್ನೂ ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ ಸೇರಿಸಿ ಒಂದು ಸಂದೇಶ ಕಳಿಸಿದೆ. ಎರಡು ದಿನವಾದರೂ ಉತ್ತರವಿಲ್ಲ. ಸಂದೇಶವನ್ನು ಒತ್ತಿ ಹಿಡಿದು ವಿವರ ನೋಡಿದರೆ ಅದು ತಲುಪಿದ್ದು ಬರೀ 52 ಜನಕ್ಕೆ. ಬ್ರಾಡ್‌ಕಾಸ್ಟ್ ಸಂದೇಶ ಹೋಗುವುದು ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಎಂದು ನನಗೆ ತಿಳಿದದ್ದು ಆಗ. ನನ್ನ ಪುಸ್ತಕವನ್ನು ದುಡ್ಡು ಕೊಟ್ಟು ತರಿಸಿಕೊಂಡಿದ್ದ 162 ಜನರ ಫೋನಿನಲ್ಲಿ ನನ್ನ ಹೆಸರೇ ಇರಲಿಲ್ಲ. ತಪ್ಪು ನನ್ನದೇ, ಉಳಿಸಿಕೊಳ್ಳಿ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಆಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಅವರ ಹೆಸರು ಹಿಡಿದು ಬರೆಯುತ್ತ ಹೋದೆ. ಕೆಲವರ ಸಂಖ್ಯೆ ಬದಲಾಗಿತ್ತು, ಕೆಲವರಿಗೆ ನನ್ನ ನೆನಪಿರಲಿಲ್ಲ. ಆದರೂ 90 ಜನ ಎರಡನೆಯ ಪುಸ್ತಕವನ್ನು ಕೊಂಡರು. ಅಂದಿನಿಂದ ವರ್ಷಕ್ಕೆ ಮೂರು ಸಲ, ಕೇಳಿ ಒಪ್ಪಿಗೆ ಪಡೆದವರಿಗೆ ಮಾತ್ರ, ಏನಾದರೂ ಓದಲು ಕಳಿಸುತ್ತೇನೆ: ಹೊಸ ಕಥೆಯ ಒಂದು ಪುಟ, ಇಲ್ಲವೇ ನಾನು ಮೆಚ್ಚಿ ಓದಿದ ಬೇರೆಯವರ ಪುಸ್ತಕದ ಬಗ್ಗೆ ನಾಲ್ಕು ಸಾಲು. ಯಾರನ್ನೂ ಗ್ರೂಪಿಗೆ ಸೇರಿಸುವುದಿಲ್ಲ, ಗ್ರೂಪಿನಲ್ಲಿ ನಾಲ್ಕನೇ ದಿನಕ್ಕೆ ಶುಭೋದಯದ ಹೂಗಳು ಬರಲು ಶುರುವಾಗುತ್ತವೆ.

ಇನ್ನೊಂದು ವಿಷಯ ನನ್ನ ಕಸುಬಿಗೆ ಸೇರಿದ್ದು. ಲೋಗೋಗೆ ಅಷ್ಟು ಹಣ ತೆಗೆದುಕೊಂಡವರು ಹುಡುಗನ ಹೆಸರನ್ನೇ ಹುಡುಕಿ ನೋಡಿಲ್ಲ. ಪುಸ್ತಕ ಮಾರುವ ಎರಡು ಜಾಲತಾಣಗಳಲ್ಲಿ ಅವನ ಹೆಸರಿನ ಇಂಗ್ಲಿಷ್ ಕಾಗುಣಿತ ಎರಡು ಬಗೆಯಾಗಿದೆ, ಒಂದು ಕಡೆ ಇನಿಷಿಯಲ್ ಮುಂದಿದೆ, ಇನ್ನೊಂದು ಕಡೆ ಹಿಂದಿದೆ. ಮೂರನೆಯ ಕಡೆಯದಂತೂ ಕಣ್ಣಿಂದ ನೋಡಲಾಗದು. ಬೆನ್ನುಡಿಯನ್ನು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಿಂದ ಹಾಗೆಯೇ ತೆಗೆದು ಅಂಟಿಸಿದ್ದಾರೆ, ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು ತುಂಬಿವೆ. ಅಚ್ಚಿಗೆ ಹೋಗುವ ಕಡತ ಆ ಫಾಂಟಿನಲ್ಲಿದ್ದರೆ ಅಡ್ಡಿಯಿಲ್ಲ, ಪುಟದ ಮೇಲೆ ಸರಿಯಾಗಿಯೇ ಮೂಡುತ್ತದೆ. ಆದರೆ ಜಾಲತಾಣಕ್ಕೆ ಹೋಗುವುದನ್ನು ಯೂನಿಕೋಡಿಗೆ ಬದಲಿಸಬೇಕು, ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳು ಜಾಗ ತಪ್ಪಿವೆಯೇ ಎಂದು ಕಣ್ಣಿಟ್ಟು ಓದಬೇಕು. ಇಲ್ಲದಿದ್ದರೆ ಯಾರೋ ಸ್ನೇಹಿತರಿಂದ ಪುಸ್ತಕದ ಹೆಸರು ಕೇಳಿ ಕನ್ನಡದಲ್ಲಿ ಟೈಪ್ ಮಾಡಿ ಹುಡುಕುವವನಿಗೆ ಅದು ಸಿಗುವುದೇ ಇಲ್ಲ. ಹೊಸ ಲೇಖಕನ ಹೆಸರು ಕೆಡುವುದು ಇಂಥ ಕಡೆ. ಇದನ್ನು ಸರಿಪಡಿಸಲು ನನಗೆ ಹಿಡಿದದ್ದು ಒಂದು ಮಧ್ಯಾಹ್ನ, ಖರ್ಚು ಏನೂ ಇಲ್ಲ.

ಬುಧವಾರ ಅವನನ್ನು ಮನೆಗೆ ಕರೆಸಿ ಹೊಸ ನೋಟ್‌ಬುಕ್ ಕೊಟ್ಟು, ಖಾತೆಯ ಪಾಸ್‌ವರ್ಡನ್ನು ಮೊದಲು ವಾಪಸು ಪಡೆದುಕೋ ಎಂದೆ. ಆ 11 ಜನರಿಗೆ ಅವನ ಕೈಯಿಂದಲೇ ಉತ್ತರ ಬರೆಸಿದೆ, ತಡವಾದದ್ದಕ್ಕೆ ಕ್ಷಮೆ ಕೇಳಿ. ಏಳು ಜನ ವಿಳಾಸ ಕಳಿಸಿದರು. ಕಂದು ಕಾಗದದಲ್ಲಿ ಸುತ್ತುವ ಮೊದಲು ಪ್ರತಿಯೊಂದರ ಒಳಪುಟದಲ್ಲಿ ಕೊಂಡವರ ಹೆಸರನ್ನೂ ತನ್ನ ಸಂಖ್ಯೆಯನ್ನೂ ಬರೆದ. ಶನಿವಾರ ಹೊಸದುರ್ಗದಿಂದ ಒಬ್ಬ ಹೆಂಗಸು ಫೋನ್ ಮಾಡಿ, ತಮ್ಮ ಅತ್ತೆಯ ಹೆಬ್ಬೆಟ್ಟೂ ಹೀಗೆಯೇ ಯಂತ್ರಕ್ಕೆ ಹತ್ತುವುದಿಲ್ಲವೆಂದು ಹೇಳಿ, ಆ ಕಥೆಯನ್ನು ಅತ್ತೆಗೆ ಓದಿ ಹೇಳಿದ್ದಾಗಿಯೂ ತಮ್ಮ ಅಕ್ಕನಿಗೆ ಇನ್ನೊಂದು ಪ್ರತಿ ಬೇಕೆಂದೂ ತಿಳಿಸಿದರಂತೆ. ಇದನ್ನು ಹೇಳಲು ಅವನು ರಾತ್ರಿ ಹತ್ತಕ್ಕೆ ನನಗೆ ಫೋನ್ ಮಾಡಿದ್ದ. ಆ ಅಕ್ಕನ ಹೆಸರಿನ ಮುಂದೆ, ಹೇಗೆ ತಿಳಿಯಿತು ಎಂಬ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದು ಕೇಳಿದ. "ತಂಗಿ ಓದಿ ಹೇಳಿದ್ದು" ಎಂದು ಬರೆದುಕೋ ಎಂದೆ.