ವರ್ಷಕ್ಕೊಂದು ಹೆಚ್ಚುವರಿ ಕಂತು: ಉಳಿಯುವುದೆಷ್ಟು?

"ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚು ಕಟ್ಟಿದರೆ ಅಷ್ಟೇನು ವ್ಯತ್ಯಾಸವಾಗುತ್ತದೆ?" ಎಂದು ಸಾಲದ ಕಂತು ಕಟ್ಟುವವರು ಕೇಳುವುದುಂಟು.

10 ಲಕ್ಷದ ಸಾಲ, ಶೇ. 9ರ ಬದಲಾಗದ ಬಡ್ಡಿ, 20 ವರ್ಷಗಳ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 8,997 ಆಗುತ್ತದೆ ಮತ್ತು ಒಟ್ಟು ಬಡ್ಡಿ 11.59 ಲಕ್ಷ ದಾಟುತ್ತದೆ. ಪ್ರತಿ ವರ್ಷದ ಕೊನೆಗೆ ಇನ್ನೊಂದು ಕಂತನ್ನು ಅಸಲಿಗೆ ಕಟ್ಟುತ್ತ ಹೋದರೆ ಸಾಲ 16 ವರ್ಷ 7 ತಿಂಗಳಿಗೆ ತೀರುತ್ತದೆ. ಬಡ್ಡಿ ಸುಮಾರು 9.28 ಲಕ್ಷಕ್ಕೆ ಇಳಿಯುತ್ತದೆ. ಅಂದರೆ 2.3 ಲಕ್ಷದಷ್ಟು ಉಳಿಯುತ್ತದೆ.

ಇದಕ್ಕೆ ಕಾರಣ ಆರಂಭದ ಕಂತುಗಳಲ್ಲಿದೆ. ಮೊದಲ ಕಂತಿನಲ್ಲಿ 7,500 ಬಡ್ಡಿಗೇ ಹೋಗಿ, ಅಸಲು ಕರಗುವುದು ಕೇವಲ 1,497. ಆದರೆ ಹೆಚ್ಚುವರಿ ಕಂತು ಪೂರ್ತಿಯಾಗಿ ಅಸಲಿಗೆ ಸೇರುವುದರಿಂದ, ಮೊದಲ ವರ್ಷದ ಕೊನೆಗೆ ಕಟ್ಟಿದ ಒಂದು ಕಂತು ಮುಂದಿನ ಐದು ತಿಂಗಳ ಕಂತುಗಳು ಕರಗಿಸುವಷ್ಟು ಅಸಲನ್ನು ಒಮ್ಮೆಗೇ ಕರಗಿಸುತ್ತದೆ. ಅದೇ ಮೊತ್ತವನ್ನು ಮೊದಲ ಬಾರಿಗೆ ಹದಿನೈದನೆಯ ವರ್ಷದ ಕೊನೆಗೆ ಕಟ್ಟಿದರೆ ಅದು ಸುಮಾರು ಒಂದೂವರೆ ತಿಂಗಳ ಕೆಲಸವನ್ನಷ್ಟೇ ಮಾಡುತ್ತದೆ. ಆದ್ದರಿಂದ ಮೊದಲ ವರ್ಷಗಳಲ್ಲೇ ಆರಂಭಿಸುವುದು ಬಹಳ ಮುಖ್ಯವೆಂಬುದು ನನ್ನ ದೃಢ ಅಭಿಪ್ರಾಯ.

ಆದರೆ ಹಣ ಕಟ್ಟುವಾಗ, ಅದನ್ನು ಅಸಲಿಗೆ ಜಮಾ ಮಾಡಿ, ಕಂತಿನ ಮೊತ್ತವನ್ನು ಹಾಗೆಯೇ ಉಳಿಸಿ, ಅವಧಿಯನ್ನು ಕಡಿಮೆ ಮಾಡಬೇಕೆಂದು ಸಾಲ ಕೊಟ್ಟ ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು. ಇಲ್ಲವಾದರೆ ಅದು ಮುಂದಿನ ತಿಂಗಳ ಮುಂಗಡ ಕಂತಾಗಿ ಉಳಿಯಬಹುದು, ಅಥವಾ ಕಂತು ಮಾತ್ರ ತುಸು ಕಡಿಮೆಯಾಗಿ ಮುಕ್ತಾಯದ ದಿನಾಂಕ ಅಲ್ಲಿಯೇ ನಿಲ್ಲಬಹುದು. ಮುಂದಿನ ತಿಂಗಳ ಸಾಲದ ವಿವರಪಟ್ಟಿಯಲ್ಲಿ ಇದು ಸ್ಪಷ್ಟವಾಗುತ್ತದೆ: ಹಣ ಸರಿಯಾಗಿ ಜಮೆಯಾಗಿದ್ದರೆ ಬಾಕಿ ಅಸಲು ಮಾಮೂಲಿಗಿಂತ 8,997ರಷ್ಟು ಹೆಚ್ಚು ಇಳಿದಿರುತ್ತದೆ, ಆ ತಿಂಗಳ ಬಡ್ಡಿಯೂ ಮಾಮೂಲಿಗಿಂತ ಸುಮಾರು 67ರಷ್ಟು ಕಡಿಮೆಯಾಗಿರುತ್ತದೆ.